ಪ್ರಾಯೋಜಕರಿಗೆ ವೇದಿಕೆ ಮೇಲೆ ಥ್ಯಾಂಕ್ಸ್ ಹೇಳುವಾಗ ಜಾಹೀರಾತಿನ ಹಾಗೆ ಕೇಳಿಸದಿರಲು ಏನು ಮಾಡ್ತೀರಿ?

ರಂಗದಬದಿ

ನಮ್ಮ ತಂಡದ ಎರಡು ದಿನದ ನಾಟಕೋತ್ಸವ ಹತ್ತಿರ ಬಂದಿದೆ. ಪ್ರವೇಶ ಉಚಿತ. ನಿರೂಪಣೆ ನನ್ನ ತಲೆಗೆ ಬಂದಿದೆ. ಒಬ್ಬರು ಮುಖ್ಯ ಪ್ರಾಯೋಜಕರು, ಇಬ್ಬರು ಸಹ ಪ್ರಾಯೋಜಕರು, ಮತ್ತೆ ಸಣ್ಣಪುಟ್ಟ ನೆರವು ಕೊಟ್ಟವರು ಒಂಬತ್ತು ಜನ. ಒಟ್ಟು ಹನ್ನೆರಡು ಹೆಸರು.

ಮುಖ್ಯ ಪ್ರಾಯೋಜಕರು ಬಣ್ಣ ತಯಾರಿಸುವ ಕಂಪನಿ. ಹೆಸರು ಇಲ್ಲಿ ಬೇಡ, ಎಕ್ಸ್ ಅಂತ ಇಟ್ಟುಕೊಳ್ಳಿ. ವೇದಿಕೆಯಲ್ಲಿ ಓದಿ ಅಂತ ಅವರು ಕಳಿಸಿದ ಮಾತು ಹೀಗಿದೆ:

"ಕಳೆದ ಮೂರು ದಶಕಗಳಿಂದ ಗುಣಮಟ್ಟ ಮತ್ತು ವಿಶ್ವಾಸಕ್ಕೆ ಹೆಸರಾದ, ಅತ್ಯಾಧುನಿಕ ತಂತ್ರಜ್ಞಾನದ ಬಣ್ಣಗಳನ್ನು ಕೈಗೆಟುಕುವ ದರದಲ್ಲಿ ಒದಗಿಸುತ್ತಾ ಲಕ್ಷಾಂತರ ಮನೆಗಳ ಮೆಚ್ಚುಗೆ ಗಳಿಸಿರುವ ಎಕ್ಸ್ ಸಂಸ್ಥೆಯವರು ಈ ಕಾರ್ಯಕ್ರಮದ ಹೆಮ್ಮೆಯ ಪ್ರಾಯೋಜಕರು. ಮನೆಗೆ ಬಣ್ಣ ಎಂದರೆ ಎಕ್ಸ್! ಇಂದೇ ಹತ್ತಿರದ ಮಳಿಗೆಗೆ ಭೇಟಿ ಕೊಡಿ."

ಇದನ್ನು ಹಾಗೇ ಓದಿದರೆ ಮುಂದೆ ಬರುವ ನಾಟಕದ ಮೂಡೇ ಹೋಗುತ್ತೆ. ಓದದಿದ್ದರೆ ದುಡ್ಡು ಕೊಟ್ಟವರಿಗೆ ಬೇಜಾರು. ಚಿಕ್ಕದಾಗಿ, ಮರ್ಯಾದೆಯಾಗಿ ಹೇಳುವ ದಾರಿ ಯಾವುದು?

ಹೊಸಹೆಜ್ಜೆ

ನಮಗೂ ಪ್ರಾಯೋಜಕರು ಬೇಕಾಗಿದ್ದಾರೆ. ಮನವಿ ಪತ್ರ ಹೇಗೆ ಬರೆಯಬೇಕು, ಯಾರಾದರೂ ಮಾದರಿ ಕೊಡ್ತೀರಾ?

ರಂಗದಬದಿ

ಇದು ಸಿಕ್ಕ ಮೇಲಿನ ಸಮಸ್ಯೆ ಮಾರಾಯ್ರೇ! ಪತ್ರದ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರ್ತೀನಿ.

ಒಂದೇಮಾತು

ಸುಲಭ ಇದೆ. ಎಲ್ಲಾ ಹೆಸರನ್ನೂ ಕೊನೆಯ ವಂದನಾರ್ಪಣೆಗೆ ಹಾಕಿಬಿಡಿ. ನಾಟಕ ಮುಗಿದಿರುತ್ತೆ, ಯಾರಿಗೂ ತೊಂದರೆ ಇಲ್ಲ. ಒಂದೊಂದು ಹೆಸರು ಒಂದೇ ಸಲ, ವಿಶೇಷಣ ಇಲ್ಲದೆ. ನಾವು ಹಾಗೇ ಮಾಡೋದು.

ಮೈಕ್‌ಮಾತು

ವಿಶೇಷಣ ಬೇಡ ಅನ್ನೋದು ಸರಿ. ಕೊನೆಗೆ ಹಾಕೋದು ಮಾತ್ರ ಸರಿಯಲ್ಲ. ನಾಟಕ ಮುಗಿದು ನಟರು ನಮಸ್ಕಾರ ಮಾಡಿದ ಕೂಡಲೇ ಜನ ಎದ್ದು ಚಪ್ಪಲಿ ಹುಡುಕ್ತಾರೆ. ಖಾಲಿ ಕುರ್ಚಿಗಳಿಗೆ ಹೆಸರು ಓದಿದ ಹಾಗಾಗುತ್ತೆ. ಮುಂದಿನ ಸಾಲಲ್ಲಿ ಕೂತಿರುವ ಆ ಕಂಪನಿಯವರು ಅದನ್ನು ನೋಡ್ತಾ ಇರ್ತಾರೆ. ಮುಂದಿನ ವರ್ಷ ಅವರು ಬರಲ್ಲ, ಅಥವಾ ಇನ್ನೂ ಉದ್ದದ ಮಾತು ಬರೆದು ಕಳಿಸ್ತಾರೆ.

ರಂಗದಬದಿ ಅವರೇ, ನೀವು ಹಾಕಿದ ಮಾತನ್ನೇ ತಗೊಳ್ಳೋಣ. ಅದು ಜಾಹೀರಾತಿನ ಹಾಗೆ ಕೇಳಿಸೋದು ಯಾಕೆ ನೋಡಿ. ಕಂಪನಿಯ ಹೆಸರು ಬರುವ ಮೊದಲೇ ಹೊಗಳಿಕೆ ಮಾಲೆ ಕಟ್ಟಿಕೊಂಡು ಬರುತ್ತೆ. "ಹೆಸರಾದ, ಒದಗಿಸುತ್ತಾ, ಗಳಿಸಿರುವ" ಅಂತ ಸಾಲಾಗಿ ಬಂದು, ಆಮೇಲೆ ಹೆಸರು. ನಮ್ಮ ಭಾಷೆಯಲ್ಲಿ ಹೀಗೆ ಎಷ್ಟು ಬೇಕಾದರೂ ಹೆಸರಿನ ಹಿಂದೆ ಪೋಣಿಸಬಹುದು. ಕೇಳುವವರು ಎರಡನೆಯದಕ್ಕೇ ಕಿವಿ ಮುಚ್ಚಿಕೊಳ್ಳುತ್ತಾರೆ. ಇನ್ನೊಂದು, ಆ ಮಾತಿನಲ್ಲಿ ಇರುವುದೆಲ್ಲ ಕಂಪನಿ ತನ್ನ ಗ್ರಾಹಕರಿಗೆ ಏನು ಮಾಡುತ್ತೆ ಅನ್ನೋದು. ಇವತ್ತು ಈ ಸಭಾಂಗಣದಲ್ಲಿ ಕೂತವರಿಗೆ ಏನು ಮಾಡಿದರು ಅನ್ನೋದು ಒಂದಕ್ಷರವೂ ಇಲ್ಲ. ಥ್ಯಾಂಕ್ಸ್ ಹೇಳಬೇಕಾದರೆ ಯಾವುದಕ್ಕೆ ಅನ್ನೋದು ಗೊತ್ತಿರಬೇಕು ಅಲ್ವಾ?

ಅದಕ್ಕೆ ನಾನು ಮೊದಲು ಸಂಘಟಕರನ್ನು ಒಂದು ಪ್ರಶ್ನೆ ಕೇಳ್ತೀನಿ. ಇವರು ಕೊಟ್ಟ ದುಡ್ಡು ಯಾವುದಕ್ಕೆ ಹೋಯ್ತು? ನಿಮ್ಮ ಕೇಸಲ್ಲಿ ಏನು?

ರಂಗದಬದಿ

ಎರಡೂ ದಿನದ ಸಭಾಂಗಣದ ಬಾಡಿಗೆ ಪೂರ್ತಿ ಅವರದ್ದೇ. ಅದರಿಂದಲೇ ಟಿಕೆಟ್ ಇಡಲಿಲ್ಲ. ಸಹ ಪ್ರಾಯೋಜಕರಲ್ಲಿ ಒಬ್ಬರು ಬೆಳಕಿನ ಸಲಕರಣೆ ಪುಕ್ಕಟೆ ಕೊಟ್ಟಿದ್ದಾರೆ. ಇನ್ನೊಬ್ಬರು ಹೊರಗಿನಿಂದ ಬರುವ ತಂಡದ ಪ್ರಯಾಣದ ಖರ್ಚು ನೋಡಿಕೊಂಡಿದ್ದಾರೆ.

ಮೈಕ್‌ಮಾತು

ಅರ್ಧ ಕೆಲಸ ಮುಗೀತು. ಈಗ ಹೀಗೆ ಹೇಳಿ ನೋಡಿ:

"ಈ ಎರಡು ದಿನ ನಾಟಕ ನೋಡೋಕೆ ನಿಮ್ಮಲ್ಲಿ ಯಾರೂ ಟಿಕೆಟ್ ಕೊಳ್ಳಬೇಕಾಗಿಲ್ಲ. ಯಾಕೆಂದರೆ ಈ ಸಭಾಂಗಣದ ಬಾಡಿಗೆಯನ್ನು ಪೂರ್ತಿ ಕಟ್ಟಿದವರು ಬಣ್ಣ ತಯಾರಿಸುವ ಎಕ್ಸ್ ಸಂಸ್ಥೆಯವರು. ಅವರಿಗೆ ನಮ್ಮ ತಂಡದ ಧನ್ಯವಾದ."

ಅಷ್ಟೇ. ಗಡಿಯಾರ ಹಿಡಿದು ಓದಿ, ನಿಧಾನವಾಗಿ ಓದಿದರೂ ಇಪ್ಪತ್ತು ಸೆಕೆಂಡ್ ಒಳಗೆ ಮುಗಿಯುತ್ತೆ. ಮೊದಲ ವಾಕ್ಯ ಪ್ರೇಕ್ಷಕರ ಬಗ್ಗೆ ಇದೆ, ಹಾಗಾಗಿ ಅವರು ಕೇಳ್ತಾರೆ. ಹೆಸರು ಎರಡನೇ ವಾಕ್ಯದ ಕೊನೆಗೆ ಬರುತ್ತೆ, ಅಲ್ಲಿ ಒಂದು ಉಸಿರು ನಿಲ್ಲಿಸಿ. ಕೊನೆಯಲ್ಲಿ ಬಂದ ಹೆಸರು ಕಿವಿಯಲ್ಲಿ ಉಳಿಯುತ್ತೆ. "ಕಟ್ಟಿದವರು" ಅನ್ನೋದು ಆಗಿಹೋದ ಕೆಲಸ. "ಒದಗಿಸುತ್ತಾರೆ, ನೀಡುತ್ತಾರೆ" ಅಂದ ಕೂಡಲೇ ಮಾರಾಟದ ಮಾತಾಗುತ್ತೆ. "ಬಣ್ಣ ತಯಾರಿಸುವ" ಅಂತ ಒಂದೇ ಒಂದು ಗುರುತು ಇಟ್ಟಿದ್ದೀನಿ. ಅದು ಹೊಗಳಿಕೆ ಅಲ್ಲ, ಅವರು ಯಾರು ಅಂತ ಗೊತ್ತಾಗೋಕೆ.

ಸಹ ಪ್ರಾಯೋಜಕರಿಗೆ ಇನ್ನೂ ಸುಲಭ. ಬೆಳಕು ಕೊಟ್ಟವರ ಹೆಸರನ್ನು ಬೆಳಕು ಬಿದ್ದಾಗಲೇ ಹೇಳಿ. "ಈಗ ನೀವು ನೋಡ್ತಿರುವ ಬೆಳಕು ಇಂಥವರು ಕೊಟ್ಟಿದ್ದು." ಪ್ರೇಕ್ಷಕರ ಕಣ್ಣ ಮುಂದೆಯೇ ಇರುವುದನ್ನು ತೋರಿಸಿ ಥ್ಯಾಂಕ್ಸ್ ಹೇಳಿದರೆ ಯಾರಿಗೂ ಜಾಹೀರಾತು ಅನಿಸಲ್ಲ. ಪ್ರಯಾಣದ ಖರ್ಚು ಕೊಟ್ಟವರನ್ನು ಆ ತಂಡವನ್ನು ಪರಿಚಯಿಸುವಾಗ ಹೇಳಿ.

ರೇಡಿಯೋಕಿವಿ

ಮೈಕ್‌ಮಾತು ಹೇಳಿದ್ದಕ್ಕೆ ಒಂದು ಪಕ್ಕಾ ಅಳತೆಗೋಲೇ ಇದೆ. ಅಮೆರಿಕದ ಸಾರ್ವಜನಿಕ ರೇಡಿಯೋದಲ್ಲಿ ಜಾಹೀರಾತು ಹಾಕುವ ಹಾಗಿಲ್ಲ, ಆದರೆ ನೆರವು ಕೊಟ್ಟವರ ಹೆಸರು ಹೇಳಬಹುದು. ಯಾವುದು ಕೃತಜ್ಞತೆ, ಯಾವುದು ಜಾಹೀರಾತು ಅಂತ ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಗೆರೆ ಹಾಕಿದೆ. 1984ರಲ್ಲಿ ಅದನ್ನು ಸ್ವಲ್ಪ ಸಡಿಲ ಮಾಡಿದರು. ಸಂಸ್ಥೆಯ ಹೆಸರು ಹೇಳಬಹುದು. ಎಲ್ಲಿದೆ ಅಂತ ಹೇಳಬಹುದು. ಏನು ಮಾಡ್ತಾರೆ ಅಂತ ಹೊಗಳದೆ ಹೇಳಬಹುದು. ಬೆಲೆ ಹೇಳುವ ಹಾಗಿಲ್ಲ. "ಬನ್ನಿ, ಕೊಳ್ಳಿ, ಕರೆ ಮಾಡಿ" ಅನ್ನುವ ಹಾಗಿಲ್ಲ. ಉತ್ತಮ, ಬೇರೆಯವರಿಗಿಂತ ಮೇಲು ಅನ್ನುವ ಹಾಗಿಲ್ಲ. ಕೊಂಡರೆ ಏನಾದರೂ ಸಿಗುತ್ತೆ ಅಂತ ಆಸೆ ತೋರಿಸುವ ಹಾಗೂ ಇಲ್ಲ.

ನಿಮಗೆ ಬಂದ ಮಾತಿಗೆ ಇದನ್ನು ಹಚ್ಚಿ ನೋಡಿ. "ಕೈಗೆಟುಕುವ ದರ" ಬೆಲೆಯ ಮಾತು, ಹೋಯ್ತು. "ಅತ್ಯಾಧುನಿಕ" ಹೊಗಳಿಕೆ, ಹೋಯ್ತು. "ಭೇಟಿ ಕೊಡಿ" ಕರೆ, ಹೋಯ್ತು. ಕೊನೆಗೆ ಉಳಿಯೋದು ಬಣ್ಣ ಮತ್ತು ಎಕ್ಸ್! ವೇದಿಕೆಗೆ ಈ ಕಾನೂನು ಅನ್ವಯಿಸಲ್ಲ, ಯಾರೂ ದಂಡ ಹಾಕಲ್ಲ. ಆದರೆ ಯಾವ ಪದ ಕಿತ್ತು ಹಾಕಬೇಕು ಅಂತ ತಿಳಿಯೋಕೆ ಇದಕ್ಕಿಂತ ಚೊಕ್ಕ ಪಟ್ಟಿ ನಾನು ಕಂಡಿಲ್ಲ.

ನೇರನುಡಿ

ನನಗೆ ಈ ಚರ್ಚೆಯೇ ಸ್ವಲ್ಪ ಕಸಿವಿಸಿ. ದುಡ್ಡು ತಗೊಂಡಿದ್ದೀರಿ, ಹೆಸರು ಹೇಳ್ತಿದ್ದೀರಿ. ಅದು ಜಾಹೀರಾತೇ. ಅದನ್ನು ಜಾಹೀರಾತಲ್ಲ ಅನ್ನೋ ಹಾಗೆ ಕೇಳಿಸೋದು ಪ್ರೇಕ್ಷಕರಿಗೆ ಮಾಡುವ ಮೋಸ ಅಲ್ವಾ? ಅದಕ್ಕಿಂತ ಮೂವತ್ತು ಸೆಕೆಂಡಿನ ವಿಡಿಯೋ ಹಾಕಿ, "ಇದು ನಮ್ಮ ಪ್ರಾಯೋಜಕರ ಜಾಹೀರಾತು" ಅಂತ ಹೇಳಿ ಮುಗಿಸಿ.

ಮೈಕ್‌ಮಾತು

ವಿಡಿಯೋ ಹಾಕೋದರಲ್ಲಿ ತಪ್ಪಿಲ್ಲ, ಜನ ಕೂರುವ ಮೊದಲು ಪರದೆ ಮೇಲೆ ಓಡಲಿ. ನಾನು ಹೇಳ್ತಿರುವುದು ಮುಚ್ಚಿಡೋ ವಿಷಯ ಅಲ್ಲ. "ಬಾಡಿಗೆ ಕಟ್ಟಿದವರು ಇವರು" ಅನ್ನೋದಕ್ಕಿಂತ ಬಿಚ್ಚಿಟ್ಟ ಮಾತು ಇನ್ನೇನಿದೆ? ಮೋಸ ಆಗೋದು ಬೇರೆ ಕಡೆ. ನಿರೂಪಕ "ನಾನೂ ನಮ್ಮ ಮನೆಗೆ ಇದೇ ಬಣ್ಣ ಹೊಡೆಸಿದ್ದು" ಅಂತ ಶುರು ಮಾಡ್ತಾನಲ್ಲ, ಅಲ್ಲಿ.

ನೇರನುಡಿ

ಅದು ಒಪ್ಪಿದೆ. ಆದರೂ ನಾಟಕ ನೋಡೋಕೆ ಬಂದವನಿಗೆ ಬಾಡಿಗೆ ಯಾರು ಕಟ್ಟಿದರು ಅನ್ನೋ ಲೆಕ್ಕ ಯಾಕೆ ಅನ್ನೋದು ನನ್ನ ಪ್ರಶ್ನೆ. ಅದು ಹಾಗೇ ಇರಲಿ.

ಖಜಾಂಚಿ

ನಿರೂಪಕರು ಎಲ್ಲರೂ ಮಾತು ತಿದ್ದುವುದರ ಬಗ್ಗೆ ಹೇಳ್ತಿದ್ದೀರಿ. ನಾನು ದುಡ್ಡು ತರುವ ಕಡೆಯವನು. ರಂಗದಬದಿ, ನಿಮ್ಮ ತಂಡದವರು ಪ್ರಾಯೋಜಕರಿಗೆ ಏನು ಬರೆದುಕೊಟ್ಟಿದ್ದಾರೆ ಅಂತ ಮೊದಲು ನೋಡಿ. ಒಪ್ಪಂದದ ಪತ್ರದಲ್ಲಿ ಹಲವು ಸಲ "ವೇದಿಕೆಯಲ್ಲಿ ಮೂರು ಬಾರಿ ಘೋಷಣೆ" ಅಂತ ಇರುತ್ತೆ. ಘೋಷವಾಕ್ಯ ಓದಬೇಕು ಅಂತಲೂ ಇರಬಹುದು. ಅದನ್ನು ನೋಡದೆ ವೇದಿಕೆ ಮೇಲೆ ಕತ್ತರಿ ಆಡಿಸಿದರೆ ಆಮೇಲೆ ಬೈಸಿಕೊಳ್ಳೋದು ನಮ್ಮಂಥವರು.

ಏನಾದರೂ ಬದಲಾಯಿಸೋದಿದ್ದರೆ ಕಾರ್ಯಕ್ರಮಕ್ಕೆ ಮೊದಲೇ ಬರೆದ ಸಾಲುಗಳನ್ನು ಅವರಿಗೆ ಕಳಿಸಿ ಒಪ್ಪಿಗೆ ಪಡೆಯಿರಿ. ಫೋನಲ್ಲಿ "ಚಿಕ್ಕದು ಮಾಡ್ತೀವಿ" ಅಂದರೆ ಹೂಂ ಅಂತಾರೆ, ಆಮೇಲೆ ಮುಖ ಗಂಟಿಕ್ಕುತ್ತಾರೆ. ಬರೆದ ಸಾಲು ಕೈಗೆ ಸಿಕ್ಕರೆ ಅವರಿಗೂ ಸಮಾಧಾನ. ಜೊತೆಗೆ ಸಂಸ್ಥೆಯ ಹೆಸರನ್ನು ಅವರು ಹೇಗೆ ಉಚ್ಚರಿಸ್ತಾರೆ ಅಂತ ಕೇಳಿ. ನೋಂದಣಿಯಲ್ಲಿರುವ ಉದ್ದ ಹೆಸರೋ, ಬೋರ್ಡಿನಲ್ಲಿರುವ ಚಿಕ್ಕ ಹೆಸರೋ ಅದನ್ನೂ ಕೇಳಿ. ಹೊಗಳಿಕೆ ಬಿಟ್ಟರೆ ಅವರು ಕ್ಷಮಿಸ್ತಾರೆ. ಹೆಸರು ತಪ್ಪಾದರೆ ಖಂಡಿತ ಕ್ಷಮಿಸಲ್ಲ.

ರಂಗದಬದಿ

ಪತ್ರ ತೆಗೆಸಿ ನೋಡಿದೆ. ಖಜಾಂಚಿಯವರು ಹೇಳಿದ ಹಾಗೇ ಇದೆ. ಎಕ್ಸ್‌ಗೆ ದಿನಕ್ಕೆ ಮೂರು ಸಲ. ಘೋಷವಾಕ್ಯದ ಬಗ್ಗೆ ಏನೂ ಬರೆದಿಲ್ಲ. ಸಹ ಪ್ರಾಯೋಜಕರಿಗೆ ದಿನಕ್ಕೆ ಒಂದು ಸಲ. ಒಂಬತ್ತು ಜನಕ್ಕೆ "ಕೃತಜ್ಞತೆ" ಅಂತ ಮಾತ್ರ ಇದೆ. ಮೂರು ಸಲ ಅದೇ ಸಾಲು ಓದಿದರೆ ಮತ್ತೆ ಜಾಹೀರಾತೇ ಆಗುತ್ತಲ್ಲ?

ಮೈಕ್‌ಮಾತು

ಮೂರು ಸಲ ಹೆಸರು ಬರಬೇಕು ಅಂತ ಇದೆಯೇ ಹೊರತು ಮೂರು ಸಲ ಪೂರ್ತಿ ಪರಿಚಯ ಬರಬೇಕು ಅಂತ ಇಲ್ಲವಲ್ಲ. ಹಾಗಾದರೆ ಬಾಡಿಗೆಯ ಸಾಲು ಒಂದೇ ಸಲ. ಎರಡನೇ ಸಲ ಬೇರೆ ಕೆಲಸದ ಮಾತಿನ ಒಳಗೆ ಹೆಸರು ಬರಲಿ. "ಎಕ್ಸ್ ಸಂಸ್ಥೆಯ ನೆರವಿನಿಂದ ನಡೆಯುತ್ತಿರುವ ಈ ಉತ್ಸವದಲ್ಲಿ ನಾಳೆ ಸಂಜೆಯ ನಾಟಕ ಇಂಥದ್ದು" ಅಂತ. ಜನಕ್ಕೆ ಬೇಕಾಗಿರುವುದು ನಾಳೆಯ ಮಾಹಿತಿ, ಹೆಸರು ಅದರ ಜೊತೆ ಹೋಗುತ್ತೆ. ಮೂರನೇ ಸಲ ವಂದನಾರ್ಪಣೆಯಲ್ಲಿ ಬರೀ ಹೆಸರು.

ಎಲ್ಲಿ ಹೇಳಬೇಕು ಅನ್ನೋದು ಮಾತಿಗಿಂತ ದೊಡ್ಡ ವಿಷಯ. ನಾಟಕ ಶುರುವಾಗುವ ಮುಂಚಿನ ಕೊನೆಯ ನಿಮಿಷ ಬೇಡವೇ ಬೇಡ. ಅಲ್ಲಿ ಪ್ರೇಕ್ಷಕರು ಕಾಯ್ತಿರುವುದು ಕಲಾವಿದರಿಗೆ, ನಡುವೆ ಯಾರ ಹೆಸರು ಬಂದರೂ ಸಿಟ್ಟು ಆ ಹೆಸರಿನ ಮೇಲೆ. ಮೊದಲು ಪ್ರಾಯೋಜಕರು, ಆಮೇಲೆ ನಾಟಕದ ಪರಿಚಯ, ಆಮೇಲೆ ದೀಪ ಆರಬೇಕು. ಈ ಕ್ರಮ ತಿರುಗಿಸಬೇಡಿ. ಹಾಗೆಯೇ ದುಃಖದ ದೃಶ್ಯದಲ್ಲಿ ಮಧ್ಯಂತರ ಬಂದರೆ ಕೂಡಲೇ ಮೈಕ್ ಹಿಡಿಯಬೇಡಿ. ಮಧ್ಯಂತರ ಮುಗಿದು ಜನ ಬಂದು ಕೂತ ಮೇಲೆ ಹೇಳಿ. ಆಗ ಸಭಾಂಗಣ ತುಂಬಿರುತ್ತೆ, ಎಲ್ಲರೂ ಸ್ವಲ್ಪ ಸಡಿಲವಾಗಿರ್ತಾರೆ. ನನ್ನ ಪ್ರಕಾರ ಸಂಜೆಯ ಅತ್ಯುತ್ತಮ ಜಾಗ ಅದು. ಪ್ರಾಯೋಜಕರಿಗೆ ಇದನ್ನು ವಿವರಿಸಿದರೆ ಆರಂಭದಲ್ಲೇ ಬೇಕು ಅಂತ ಹಟ ಮಾಡಲ್ಲ. ತಡವಾಗಿ ಬರುವವರು ಎಷ್ಟು ಜನ ಅಂತ ಅವರಿಗೂ ಗೊತ್ತು.

ಸೌಂಡ್‌ಡೆಸ್ಕ್

ಮಾತು ಎಷ್ಟು ಚೆನ್ನಾಗಿ ಬರೆದರೂ ಕೆಡಿಸೋಕೆ ನಾವಿದ್ದೀವಿ! ಪ್ರಾಯೋಜಕರ ಹೆಸರು ಬಂದ ಕೂಡಲೇ ಹಿಂದೆ ಒಂದು ಟ್ರ್ಯಾಕ್ ಹಾಕಿ ಅಂತ ಸಂಘಟಕರು ಹೇಳ್ತಾರೆ. ಹಿಂದೆ ಸಂಗೀತ ಬಂದರೆ ನಿರೂಪಕರ ದನಿ ತಾನಾಗೇ ಏರುತ್ತೆ, ಕೊನೆಯ ಅಕ್ಷರ ಎಳೀತಾರೆ. ಆಗ ಟಿವಿ ಜಾಹೀರಾತಿಗೂ ಇದಕ್ಕೂ ವ್ಯತ್ಯಾಸ ಇರಲ್ಲ. ಸಂಗೀತ ಬೇಡ, ಎಕೋ ಬೇಡ. ನೀವು "ಕಾರು ಅಡ್ಡ ನಿಂತಿದೆ, ತೆಗೆಯಿರಿ" ಅನ್ನುವ ಪ್ರಕಟಣೆಯನ್ನು ಯಾವ ದನಿಯಲ್ಲಿ ಹೇಳ್ತೀರೋ ಅದೇ ದನಿ ಸಾಕು. ಸ್ವಲ್ಪ ನಗು ಇರಲಿ, ಅಷ್ಟೇ.

ಪರದೆ ಇದ್ದರೆ ಇನ್ನೊಂದು ಮಾತು. ಪರದೆ ಮೇಲೆ ಇರುವುದನ್ನೇ ಓದಬೇಡಿ. ಲೋಗೋ, ಘೋಷವಾಕ್ಯ, ಫೋನ್ ನಂಬರ್ ಎಲ್ಲ ಪರದೆಗೆ ಬಿಡಿ. ಬಾಯಿಗೆ ಹೆಸರು ಮತ್ತು ಥ್ಯಾಂಕ್ಸ್ ಸಾಕು. ಮಾತು ಮುಗಿದ ಮೇಲೂ ಸ್ಲೈಡ್ ಹತ್ತು ಸೆಕೆಂಡ್ ಇರಲಿ. ಕಂಪನಿಯವರು ಫೋಟೋ ತೆಗೆದುಕೊಳ್ತಾರೆ, ಅವರಿಗೆ ಬೇಕಾಗಿರುವುದು ಬಹಳ ಸಲ ಅದೇ.

ರಂಗದಬದಿ

ಪರದೆ ಇದೆ. ಘೋಷವಾಕ್ಯದ ತಲೆನೋವು ಅಲ್ಲಿಗೆ ಹೋಯ್ತು ಅನ್ಕೋತೀನಿ. ಇನ್ನು ಒಂಬತ್ತು ಹೆಸರುಗಳ ಕಥೆ? ಸಾಲಾಗಿ ಓದಿದರೆ ಹಾಜರಿ ಕರೆದ ಹಾಗೆ ಇರುತ್ತೆ.

ಒಂದೇಮಾತು

ಒಬ್ಬೊಬ್ಬರ ಹೆಸರಿಗೂ ಚಪ್ಪಾಳೆ ಹೊಡೆಸಿ, ಜೀವ ಬರುತ್ತೆ.

ಮೈಕ್‌ಮಾತು

ಮೊದಲ ಮೂರು ಹೆಸರಿಗೆ ಬರುತ್ತೆ. ಆಮೇಲೆ ಕೈ ಸೋಲುತ್ತೆ. ಒಂಬತ್ತನೆಯವರಿಗೆ ಇಬ್ಬರು ತಟ್ಟಿದರೆ ಅವರಿಗೆ ಅವಮಾನ, ಅಷ್ಟು ಹೊತ್ತಿಗೆ ಎರಡು ನಿಮಿಷವೂ ಹೋಗಿರುತ್ತೆ. "ಎಲ್ಲಾ ಹೆಸರು ಹೇಳಿ ಮುಗಿಸ್ತೀನಿ, ಕೊನೆಗೆ ಒಂದೇ ದೊಡ್ಡ ಚಪ್ಪಾಳೆ" ಅಂತ ಮೊದಲೇ ಹೇಳಿಬಿಡಿ. ಜನ ಪಾಲಿಸ್ತಾರೆ.

ಹೆಸರುಗಳನ್ನು ಕೊಟ್ಟ ಮೊತ್ತದ ಮೇಲೆ ಜೋಡಿಸಬೇಡಿ, ಕೊಟ್ಟ ನೆರವಿನ ಮೇಲೆ ಜೋಡಿಸಿ. ರಂಗಸಜ್ಜಿಕೆಗೆ ಮರ ಕೊಟ್ಟವರು ಇಂಥ ಮೂವರು, ಪೋಸ್ಟರ್ ಅಚ್ಚು ಹಾಕಿಸಿದವರು ಇಬ್ಬರು, ತಾಲೀಮಿಗೆ ಜಾಗ ಬಿಟ್ಟುಕೊಟ್ಟವರು ಇಬ್ಬರು, ಹೀಗೆ. ಎರಡು ಮೂರು ಹೆಸರಿಗೊಂದು ಕ್ರಿಯಾಪದ ಬಂದರೆ ಪಟ್ಟಿ ಅನಿಸಲ್ಲ. ಒಂದು ಗುಂಪಿನೊಳಗೆ ಅಕ್ಷರ ಕ್ರಮ ಇಡಿ. ಯಾರಾದರೂ ನನ್ನ ಹೆಸರು ಯಾಕೆ ಕೊನೆಗೆ ಅಂತ ಕೇಳಿದರೆ ಉತ್ತರ ಸಿದ್ಧ ಇರುತ್ತೆ. ಒಂಬತ್ತು ಹೆಸರಿಗೆ ಅರ್ಧ ನಿಮಿಷ ಸಾಕಾಗುತ್ತೆ. ಮುಖ್ಯ ಪ್ರಾಯೋಜಕರ ಇಪ್ಪತ್ತು ಸೆಕೆಂಡ್, ಸಹ ಪ್ರಾಯೋಜಕರ ಹತ್ತು ಹತ್ತು ಸೇರಿಸಿ. ಎಲ್ಲ ಕೂಡಿದರೂ ಒಂದೂ ಕಾಲು ನಿಮಿಷ ದಾಟಲ್ಲ. ಅದೂ ಒಂದೇ ಕಡೆ ಅಲ್ಲ, ಸಂಜೆಯುದ್ದಕ್ಕೂ ಹಂಚಿರುತ್ತೆ.

ಅಂಗಳದಾಟ

ನಾನು ನಾಟಕದವನಲ್ಲ, ಆಟದ ಟೂರ್ನಮೆಂಟ್‌ಗಳಲ್ಲಿ ಕಾಮೆಂಟರಿ ಹೇಳ್ತೀನಿ. ನಮ್ಮಲ್ಲಿ ಉಲ್ಟಾ ಸಮಸ್ಯೆ. ಪ್ರತಿ ಬಿಡುವಿನಲ್ಲೂ ಹೆಸರು ಹೇಳಲೇಬೇಕು, ದಿನಕ್ಕೆ ಎಷ್ಟು ಸಲ ಅಂತ ಲೆಕ್ಕವೇ ಇಲ್ಲ. ಅಲ್ಲಿ "ಬಾಡಿಗೆ ಕಟ್ಟಿದರು" ಅಂತ ಪ್ರತಿ ಸಲ ಹೇಳೋಕಾಗಲ್ಲ. ಅಂಗಳದಲ್ಲಿ ಜಾಹೀರಾತು ದನಿಯೇ ನಡೆಯುತ್ತೆ, ಜನವೂ ಅದಕ್ಕೆ ಒಗ್ಗಿಕೊಂಡಿದ್ದಾರೆ.

ಆದರೆ ಒಂದು ಕಷ್ಟ ನಿಮಗೂ ಬರುತ್ತೆ. ಆಟದ ನಡುವೆ ಯಾರೋ ಬಂದು ಚೀಟಿ ಕೊಡ್ತಾರೆ, "ಇವರ ಹೆಸರೂ ಹೇಳಿಬಿಡಿ". ಅದಕ್ಕೆ ಏನು ಮಾಡ್ತೀರಿ?

ಮೈಕ್‌ಮಾತು

ಚೀಟಿ ಕೊಡುವ ಹಕ್ಕು ಸಮಿತಿಯಲ್ಲಿ ಒಬ್ಬರಿಗೆ ಮಾತ್ರ ಅಂತ ಮೊದಲೇ ಗೊತ್ತು ಮಾಡಿ. ಬೇರೆ ಯಾರು ಕೊಟ್ಟರೂ ನಗುತ್ತಾ ತಗೊಂಡು ಅವರಿಗೆ ದಾಟಿಸಿ. ಅವರು ಸಹಿ ಹಾಕಿ ಕಳಿಸಿದರೆ ವಂದನಾರ್ಪಣೆಗೆ ಸೇರಿಸ್ತೀನಿ, ನಡುವೆ ಅಲ್ಲ.

ರಂಗದಬದಿ

ಇನ್ನೊಂದು ಇದೆ. ಎಕ್ಸ್ ಕಡೆಯವರು ಒಬ್ಬರು ಬಂದು "ಎರಡು ಮಾತು ಆಡ್ತಾರಂತೆ". ಪತ್ರದಲ್ಲಿ ಇಲ್ಲ, ಬಾಯಲ್ಲಿ ಹೇಳಿದ್ದಾರೆ. ಇದೇ ನನಗೆ ಜಾಸ್ತಿ ಭಯ.

ಖಜಾಂಚಿ

ಭಯ ಪಡಲೇಬೇಕು. ಎರಡು ಮಾತು ಅಂದವರು ಕಂಪನಿಯ ಇತಿಹಾಸದಿಂದ ಶುರು ಮಾಡ್ತಾರೆ. ಬೇಡ ಅನ್ನೋಕಂತೂ ಆಗಲ್ಲ. ಅವರಿಗೆ ಮಾತಿನ ಬದಲು ಕೆಲಸ ಕೊಡಿ. ನಿರ್ದೇಶಕರಿಗೆ ಸ್ಮರಣಿಕೆ ಕೊಡುವುದು ಅವರ ಕೈಯಲ್ಲಿ ಆಗಲಿ. ವೇದಿಕೆ ಮೇಲೆ ಬಂದ ಹಾಗೂ ಆಯ್ತು, ಫೋಟೋನೂ ಆಯ್ತು. ನಮ್ಮಲ್ಲಿ ಇದು ಹೆಚ್ಚಾಗಿ ನಡೆದಿದೆ.

ಮೈಕ್‌ಮಾತು

ಅದಕ್ಕೂ ಒಪ್ಪದಿದ್ದರೆ ಮೈಕ್ ಅವರ ಕೈಗೆ ಕೊಡಬೇಡಿ. ಪೋಡಿಯಂ ಕಡೆಗೂ ಕರೆಯಬೇಡಿ. ನೀವೇ ಅವರ ಪಕ್ಕ ನಿಂತು, ಮೈಕ್ ನಿಮ್ಮ ಕೈಯಲ್ಲೇ ಇಟ್ಟುಕೊಂಡು ಒಂದು ಪ್ರಶ್ನೆ ಕೇಳಿ. "ನೀವು ಮೊದಲು ನೋಡಿದ ನಾಟಕ ಯಾವುದು ಸರ್?" ಅಂತ. "ನಿಮ್ಮ ಸಂಸ್ಥೆ ಬಗ್ಗೆ ಹೇಳಿ" ಅಂತ ಕೇಳಿದರೆ ಮುಗೀತು ಕಥೆ. ನಾಟಕದ ಬಗ್ಗೆ ಕೇಳಿದರೆ ಅವರಿಗೆ ನಿಜವಾಗಿ ಹೇಳೋಕೆ ಏನಾದರೂ ಇರುತ್ತೆ, ಜನವೂ ಆಸಕ್ತಿಯಿಂದ ಕೇಳ್ತಾರೆ. ಪ್ರಶ್ನೆ ಯಾವುದು ಅಂತ ಅವರಿಗೆ ಮೊದಲೇ ತಿಳಿಸಿ, ಗಾಬರಿ ಆಗಬಾರದು. ಉತ್ತರ ಮುಗಿದ ಕೂಡಲೇ "ಧನ್ಯವಾದ ಸರ್" ಅಂತ ಮೈಕ್ ಹಿಂದಕ್ಕೆ.

ಅವರು ಬಂದಿದ್ದಾರೆಯೇ ಅಂತ ವೇದಿಕೆ ಹತ್ತುವ ಮೊದಲು ಬಾಗಿಲಲ್ಲಿರುವವರನ್ನು ಕೇಳಿ. ಇಲ್ಲದವರನ್ನು ಕರೆದು ಎಲ್ಲರೂ ಹಿಂದೆ ತಿರುಗಿ ನೋಡುವಂತಾದರೆ ಅದಕ್ಕಿಂತ ಉದ್ದದ ಹತ್ತು ಸೆಕೆಂಡ್ ಇಲ್ಲ.

ರೇಡಿಯೋಕಿವಿ

ಸಾಲುಗಳನ್ನು ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ಎಕ್ಸ್ ಜಾಗದಲ್ಲಿ ಬೇರೆ ಯಾವುದಾದರೂ ಬಣ್ಣದ ಕಂಪನಿಯ ಹೆಸರು ಹಾಕಿ ಓದಿ. ಅವರು ಕಳಿಸಿದ ಮಾತು ಆ ಕಂಪನಿಗೂ ಸರಿಹೊಂದುತ್ತೆ. ಮೈಕ್‌ಮಾತು ಬರೆದದ್ದು ಹೊಂದಲ್ಲ, ಯಾಕೆಂದರೆ ಬಾಡಿಗೆ ಕಟ್ಟಿದ್ದು ಇವರೇ. ಯಾರಿಗೆ ಬೇಕಾದರೂ ಹೊಂದುವ ಸಾಲು ಕಂಡರೆ ಕಿತ್ತುಬಿಡಿ.

ರಂಗದಬದಿ

ಸಾಲುಗಳನ್ನು ಬರೆದು ಎಕ್ಸ್‌ನವರಿಗೆ ಕಳಿಸಿದ್ದೆ. ಬಾಡಿಗೆಯ ಸಾಲು ಅವರಿಗೆ ಇಷ್ಟವಾಗಿದೆ. "ಪೂರ್ತಿ ಕಟ್ಟಿದವರು" ಅನ್ನೋದನ್ನು ತೆಗೆಯಬೇಡಿ ಅಂತ ಅವರೇ ಹೇಳಿದರು! ಘೋಷವಾಕ್ಯ ಪರದೆಗೆ ಹೋಗೋದಕ್ಕೂ ಒಪ್ಪಿದ್ದಾರೆ. ಆದರೆ ಮೊದಲ ದಿನ ಒಂದು ಸಲ ಬಾಯಲ್ಲೂ ಬರಲಿ ಅಂತ ಪಟ್ಟು. ಸ್ಮರಣಿಕೆ ಕೊಡಿಸುವ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ.

ಸೌಂಡ್‌ಡೆಸ್ಕ್

ಬಾಯಲ್ಲಿ ಬೇಕೇ ಬೇಕು ಅಂದರೆ ಧ್ವನಿಮುದ್ರಣ ಕಳಿಸಲಿ. ಬಾಗಿಲು ತೆರೆದು ಜನ ಬರುವಾಗ ನಾನು ಹಾಕ್ತೀನಿ. ನಿಮ್ಮ ಬಾಯಿಗೆ ಬರೋದು ಬೇಡ.

ಖಜಾಂಚಿ

ನಾನಾದರೆ ಓದಿಬಿಡ್ತೀನಿ. ಒಂದು ಸಲ, ನಾಲ್ಕು ಪದ, ನೇರ ದನಿಯಲ್ಲಿ. ಅದಕ್ಕೋಸ್ಕರ ಮುಂದಿನ ವರ್ಷದ ಸಭಾಂಗಣ ಕಳ್ಕೊಳ್ಳೋದು ಬೇಡ.

ಮೈಕ್‌ಮಾತು

ನಾನು ಓದಲ್ಲ. ಸೌಂಡ್‌ಡೆಸ್ಕ್ ಹೇಳಿದ್ದೇ ನನಗೆ ಸರಿ ಕಾಣುತ್ತೆ. ಅವರದ್ದೇ ದನಿಯಲ್ಲಿ ಬಂದರೆ ಅದು ಜಾಹೀರಾತು ಅಂತ ಎಲ್ಲರಿಗೂ ಗೊತ್ತಾಗುತ್ತೆ, ನೇರನುಡಿ ಅವರಿಗೂ ಸಮಾಧಾನ. ಆದರೆ ದುಡ್ಡಿನ ಜವಾಬ್ದಾರಿ ನನ್ನದಲ್ಲ, ಹಾಗಾಗಿ ಖಜಾಂಚಿಯವರ ಮಾತನ್ನು ತಳ್ಳಿಹಾಕಲ್ಲ.

ಹೊಸಹೆಜ್ಜೆ

ಓದ್ತಾ ಓದ್ತಾ ಒಂದು ಪ್ರಶ್ನೆ ಬಂತು. ಮನವಿ ಪತ್ರದಲ್ಲೇ "ನಿಮ್ಮ ನೆರವು ಯಾವುದಕ್ಕೆ ಹೋಯಿತು ಅಂತ ವೇದಿಕೆಯಲ್ಲಿ ಒಂದು ಸಾಲಿನಲ್ಲಿ ಹೇಳ್ತೀವಿ" ಅಂತ ಬರೆದುಬಿಟ್ಟರೆ ಈ ಎಳೆದಾಟವೇ ಇರಲ್ಲ ಅಲ್ವಾ?

ಖಜಾಂಚಿ

ಬರೆಯಿರಿ. ಮಾದರಿ ಸಾಲನ್ನೂ ಪತ್ರದ ಜೊತೆಗೇ ಇಡಿ.